ಐದು ಎಲೆ, ಎರಡು ಅಳತೆ, ಒಂದು ದಿಕ್ಕು

ಹಲಸಿನ ಐದು ಎಲೆಗಳ ಉದ್ದ, ಅಗಲಗಳನ್ನು ಸೆಂಟಿಮೀಟರಿನಲ್ಲಿ ಅಳೆದಿದ್ದೇವೆ ಎಂದುಕೊಳ್ಳೋಣ. ಕಾಗದದ ಮೇಲೆಯೇ ಲೆಕ್ಕ ಮುಗಿಯಲೆಂದು ಅಂಕಿಗಳನ್ನು ನಾನೇ ಆರಿಸಿದ್ದೇನೆ.

| ಎಲೆ | ಉದ್ದ | ಅಗಲ |
|---|---|---|
| 1 | 16 | 8 |
| 2 | 8 | 4 |
| 3 | 11 | 8 |
| 4 | 13 | 4 |
| 5 | 12 | 6 |

ಪ್ರತಿ ಎಲೆಗೆ ಎರಡರ ಬದಲು ಒಂದೇ ಅಂಕಿ ಬರೆದಿಡಬೇಕು, ಆದರೂ ಎಲೆಗಳ ನಡುವಿನ ವ್ಯತ್ಯಾಸ ಆದಷ್ಟು ಉಳಿಯಬೇಕು. ಹಾಗಿದ್ದರೆ ಉದ್ದ, ಅಗಲಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು? ಇದಕ್ಕೆ ಉತ್ತರ ಕೊಡುವುದೇ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್, ಚಿಕ್ಕದಾಗಿ ಪಿಸಿಎ. ಕಾರ್ಲ್ ಪಿಯರ್ಸನ್ 1901ರಲ್ಲಿ ಇದರ ಮೂಲ ವಿಚಾರವನ್ನು ಮುಂದಿಟ್ಟರು. 1933ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಅದಕ್ಕೆ ಇಂದಿನ ಹೆಸರು ಕೊಟ್ಟು ಬೆಳೆಸಿದರು. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಇದರ ಬಳಕೆಯನ್ನೂ ಫಲಿತಾಂಶವನ್ನು ಅರ್ಥೈಸುವ ಬಗೆಯನ್ನೂ ಕುರಿತು 1964ರಲ್ಲಿ ದೀರ್ಘ ಪ್ರಬಂಧ ಬರೆದರು.

ಮೊದಲು ಸರಾಸರಿ ಕಳೆಯಬೇಕು. ಉದ್ದದ ಸರಾಸರಿ 12, ಅಗಲದ್ದು 6. ಕಳೆದಾಗ ಎಲೆಗಳು (4, 2), (−4, −2), (−1, 2), (1, −2), (0, 0) ಆಗುತ್ತವೆ. ಉದ್ದದ ಈ ವ್ಯತ್ಯಾಸಗಳ ವರ್ಗಗಳನ್ನು ಕೂಡಿದರೆ 34. ಎಲೆಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 4ರಿಂದ ಭಾಗಿಸಿದರೆ 8.5. ಇದು ಉದ್ದದ ವೇರಿಯನ್ಸ್, ಎಂದರೆ ಹರವಿನ ಅಳತೆ. ಅಗಲಕ್ಕೆ ಹಾಗೆಯೇ 16 ಭಾಗಿಸು 4, ಅಂದರೆ 4. ಇನ್ನು ಪ್ರತಿ ಎಲೆಯ ಎರಡೂ ವ್ಯತ್ಯಾಸಗಳನ್ನು ಪರಸ್ಪರ ಗುಣಿಸಿ ಕೂಡಿದರೆ 8 + 8 − 2 − 2 = 12; ಭಾಗಿಸಿದಾಗ 3. ಇದೇ ಕೋವೇರಿಯನ್ಸ್. ಇದು ಧನವಾಗಿರುವುದರಿಂದ ಎಲೆ ಉದ್ದವಾದಷ್ಟೂ ಅಗಲವಾಗುವ ಒಲವಿದೆ ಎಂದು ತಿಳಿಯುತ್ತದೆ. ಈ ಅಂಕಿಗಳನ್ನು ಚೌಕದಲ್ಲಿ ಜೋಡಿಸಿದರೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಸಿದ್ಧ:

```
8.5   3
3     4
```

ಈ ಚೌಕಕ್ಕೆ ಒಂದು ಬಾಣ ಕೊಟ್ಟರೆ ಇನ್ನೊಂದು ಬಾಣ ಹೊರಬರುತ್ತದೆ. (1, 1) ಕೊಟ್ಟು ನೋಡಿ: 8.5 + 3 ಮತ್ತು 3 + 4, ಅಂದರೆ (11.5, 7). ಬಾಣ ಉದ್ದದ ಕಡೆಗೆ ವಾಲಿತು. ಈ ವಾಲುವಿಕೆಯಲ್ಲೇ ವಿಷಯವೆಲ್ಲ ಅಡಗಿದೆ. ನಾವು ಕೊಟ್ಟ ಬಾಣವನ್ನು ಅದು ವಾಲಿದ ಕಡೆಗೆ ತುಸು ತಿರುಗಿಸಿದರೆ, ಹೊಸ ದಿಕ್ಕಿನಲ್ಲಿ ಎಲೆಗಳ ಹರವು ಹೆಚ್ಚುತ್ತದೆ. ಹೀಗೆ ತಿರುಗಿಸುತ್ತಾ ಹೋದರೆ ಬಾಣ ವಾಲುವುದೇ ನಿಂತು, ಬರೀ ಹಿಗ್ಗುವ ದಿಕ್ಕು ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಹರವು ಬೇರೆಲ್ಲೂ ಇಲ್ಲ. ಹೀಗೆ ತಿರುಗದೆ ಉಳಿಯುವ ಬಾಣವೇ ಐಗೆನ್‌ವೆಕ್ಟರ್, ಅದು ಎಷ್ಟು ಪಟ್ಟು ಹಿಗ್ಗಿತೆಂಬುದು ಐಗೆನ್‌ವ್ಯಾಲ್ಯೂ.

ಇಲ್ಲಿ (2, 1) ಕೊಟ್ಟರೆ (20, 10) ಬರುತ್ತದೆ: ಅದೇ ದಿಕ್ಕು, ಹತ್ತು ಪಟ್ಟು. ಅದಕ್ಕೆ ಲಂಬವಾದ (−1, 2) ಕೊಟ್ಟರೆ (−2.5, 5): ಎರಡೂವರೆ ಪಟ್ಟು. ಊಹಿಸದೆ ಲೆಕ್ಕದಿಂದಲೇ ಹುಡುಕುವುದಾದರೆ λ² − 12.5λ + 25 = 0 ಎಂಬ ವರ್ಗಸಮೀಕರಣ ಬಿಡಿಸಿ, 10 ಮತ್ತು 2.5 ಸಿಗುತ್ತವೆ. ಒಟ್ಟು ಹರವು 12.5, ಅದರಲ್ಲಿ 10, ಅಂದರೆ ಶೇ. 80, ಮೊದಲ ದಿಕ್ಕಿನಲ್ಲೇ ಇದೆ. ಉದ್ದ ಎರಡು ಪಾಲು, ಅಗಲ ಒಂದು ಪಾಲು: ಇದನ್ನು ಎಲೆಯ 'ಗಾತ್ರ' ಎಂದು ಓದಬಹುದು.

ಕಳೆದುಹೋದ ಶೇ. 20ರಲ್ಲಿ ಏನಿತ್ತು? ಮೂರನೆಯ ಎಲೆ ಗಿಡ್ಡ, ಅಗಲ, ನಾಲ್ಕನೆಯದು ಉದ್ದ, ಕಿರಿದು, ಐದನೆಯದು ಸರಾಸರಿಯದು. ಗಾತ್ರದ ದಿಕ್ಕಿನಲ್ಲಿ ಮೂರಕ್ಕೂ ಸಿಗುವ ಅಂಕಿ ಒಂದೇ, ಸೊನ್ನೆ. ಅವುಗಳ ಆಕಾರದ ಭೇದವೆಲ್ಲ ಎರಡನೆಯ ದಿಕ್ಕಿನಲ್ಲಿತ್ತು. ತಳಿ ಗುರುತಿಸಲು ಆಕಾರವೇ ಬೇಕಾಗಿದ್ದರೆ, ನಾವು ಬೇಕಾದದ್ದನ್ನೇ ಎಸೆದಂತಾಯಿತು. ಪಿಸಿಎಗೆ ಗೊತ್ತಿರುವುದು ಹರವು ಮಾತ್ರ, ನಮ್ಮ ಉದ್ದೇಶವಲ್ಲ.

ಇನ್ನೂ ದೊಡ್ಡ ಅಪಾಯ ಅಳತೆಯ ಮಾನದಲ್ಲಿದೆ. ಅಗಲವನ್ನು ಮಾತ್ರ ಮಿಲಿಮೀಟರಿನಲ್ಲಿ ಬರೆಯಿರಿ. ಎಲೆಗಳು ಅವೇ, ಆದರೆ 4 ಇದ್ದ ವೇರಿಯನ್ಸ್ 400 ಆಗುತ್ತದೆ, ಕೋವೇರಿಯನ್ಸ್ 30. ಈಗ ಮೊದಲ ದಿಕ್ಕು ಸುಮಾರು (1, 13), ಅಂದರೆ ಬಹುತೇಕ ಅಗಲವೊಂದೇ. ಅದರ ಪಾಲು ಶೇ. 98 ದಾಟುತ್ತದೆ! ಎಲೆಗಳ ಬಗ್ಗೆ ಹೊಸದೇನೂ ತಿಳಿದಿಲ್ಲ, ಶೇಕಡಾವಾರು ಮಾತ್ರ ಏರಿದೆ.

ಇದಕ್ಕೆ ಪರಿಹಾರವಾಗಿ ಪ್ರತಿ ಕಾಲಂ ಅನ್ನು ಅದರದೇ ಮಾನಕ ವಿಚಲನೆಯಿಂದ ಭಾಗಿಸುತ್ತಾರೆ. ಆಗ ಸೆಂಟಿಮೀಟರ್, ಮಿಲಿಮೀಟರ್ ಭೇದ ಅಳಿಯುತ್ತದೆ. ನಮ್ಮ ಎಲೆಗಳಿಗೆ ಹಾಗೆ ಮಾಡಿದರೆ ಮೊದಲ ದಿಕ್ಕಿನ ಪಾಲು ಸುಮಾರು ಶೇ. 76. ಆದರೆ ಎರಡೇ ಕಾಲಂ ಇದ್ದು ಅವು ಒಟ್ಟಿಗೆ ಏರಿಳಿಯುವಂತಿದ್ದರೆ, ಭಾಗಿಸಿದ ಮೇಲೆ ಮೊದಲ ದಿಕ್ಕು ಯಾವಾಗಲೂ (1, 1) ಆಗಿಯೇ ಬರುತ್ತದೆ. ದಿಕ್ಕು ನಮಗೆ ಹೊಸ ಸಂಗತಿ ಹೇಳಬೇಕಾದರೆ ಕನಿಷ್ಠ ಮೂರು ಕಾಲಂ ಬೇಕು.

ಆದ್ದರಿಂದ ಯಾರಾದರೂ "ಮೊದಲ ಕಾಂಪೊನೆಂಟ್ ಶೇ. 98 ಹಿಡಿದಿದೆ" ಎಂದರೆ, ಕಾಲಂಗಳು ಯಾವ ಮಾನದಲ್ಲಿದ್ದವು, ಅವುಗಳನ್ನು ಮಾನಕ ವಿಚಲನೆಯಿಂದ ಭಾಗಿಸಿದ್ದರೇ ಎಂದು ಮೊದಲು ಕೇಳಿ.