ಋತುಬಂಧದ ಬೆವರು ಮತ್ತು ನಿದ್ರೆಯ ಗುಳಿಗೆ

ಚೈತ್ರ, ವೈಶಾಖಗಳಲ್ಲಿ ನಮ್ಮ ಕಮತಗಿಯ ಸೀಮೆಯಲ್ಲಿ ಬೆವರದೆ ಮಲಗಿದವರು ಯಾರೂ ಇಲ್ಲ. ಆದುದರಿಂದ ಮುಟ್ಟು ನಿಲ್ಲುವ ವಯಸ್ಸಿನ ತಾಯಂದಿರು ತಮ್ಮ ಬೆವರನ್ನೂ ಬಿಸಿಲಿನ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಇವೆರಡನ್ನು ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ. ಋತುಬಂಧದ ಬೆವರು ಮಾರ್ಗಶಿರದ ಚಳಿಯಲ್ಲಿಯೂ ಬರುತ್ತದೆ. ಎದೆಯಿಂದ ಕೊರಳಿಗೆ, ಕೊರಳಿನಿಂದ ಮುಖಕ್ಕೆ ಝಳವೊಂದು ಫಕ್ಕನೆ ಏರುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕುಪ್ಪಸ ತೊಯ್ಯುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಇಳಿದು, ಆಗ ತಾನೇ ಒದ್ದು ಸರಿಸಿದ ಕೌದಿಯನ್ನು ನಡುಗುತ್ತ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ.

ಮೆದುಳಿನ ಬುಡದಲ್ಲಿ ಮೈಯ ಕಾವನ್ನು ಕಾಯುವ ಒಂದು ಕೇಂದ್ರವಿದೆ. ಕಾವು ತುಸು ಏರಿದರೂ ಇಳಿದರೂ ಅದು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕುಗ್ಗಿದಾಗ ಆ ಸಹನೆಯ ಅವಕಾಶ ಕಿರಿದಾಗುತ್ತದೆ. ಅತ್ಯಲ್ಪ ಏರಿಕೆಯನ್ನೂ ಅದು ಅತಿಯಾದ ಬಿಸಿಯೆಂದು ತಪ್ಪಾಗಿ ತಿಳಿದು, ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ನಿದ್ರೆ ಮುರಿಯುವುದು ಈ ಗಲಿಬಿಲಿಯಿಂದ. ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆಸಿಕೊಂಡವರಲ್ಲಿ ಇದು ಒಮ್ಮೆಲೇ, ಹೆಚ್ಚು ತೀವ್ರವಾಗಿ ತೋರುತ್ತದೆ.

ನೇಕಾರರ ಮನೆಯ 48 ವರ್ಷದ ತಾಯಿಯೊಬ್ಬರು ಎಂದಿಟ್ಟುಕೊಳ್ಳೋಣ. ಮುಟ್ಟು ನಿಂತು ಎಂಟು ತಿಂಗಳಾಗಿದೆ. ರಾತ್ರಿ ಒಂಬತ್ತಕ್ಕೆ ಹಾಸಿಗೆ ಸೇರಿದರೂ ಕಣ್ಣು ಹತ್ತುವುದು ಹನ್ನೊಂದಕ್ಕೆ. ನಡುವೆ ಮೂರು ಬಾರಿ ತೊಯ್ದು ಏಳುತ್ತಾರೆ. ನೆರೆಮನೆಯವರು ತಾವು ನುಂಗುವ ಆಲ್ಪ್ರಜೋಲಾಮ್ ಗುಳಿಗೆಯನ್ನು ಕೊಟ್ಟಿದ್ದಾರೆ. ಮೊದಲ ವಾರ ನಿದ್ರೆ ಚೆನ್ನಾಗಿಯೇ ಬಂತು. ಮೂರು ತಿಂಗಳಾದ ಮೇಲೆ ಒಂದು ಗುಳಿಗೆ ಸಾಲದೆ ಎರಡಾಯಿತು. ಬೆವರು ಮಾತ್ರ ಇದ್ದಂತೆಯೇ ಇದೆ.

ಇದರಲ್ಲಿ ಅಚ್ಚರಿಯಿಲ್ಲ. ಆ ಗುಳಿಗೆ ಮೆದುಳಿಗೆ ಮಂಕು ಕವಿಸುತ್ತದೆಯೇ ಹೊರತು ಕಾವಿನ ಕೇಂದ್ರವನ್ನು ತಿದ್ದುವುದಿಲ್ಲ. ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಇನ್ನೊಂದು ಅಪಾಯವನ್ನು ಜನ ಎಣಿಸುವುದೇ ಇಲ್ಲ: ಋತುಬಂಧದ ನಂತರ ಎಲುಬು ಸವೆಯುತ್ತಿರುತ್ತದೆ, ಮಂಕಿನಲ್ಲಿ ನಡುರಾತ್ರಿ ಬಚ್ಚಲಿಗೆ ಎದ್ದು ಬಿದ್ದರೆ ಚಪ್ಪೆಯ ಎಲುಬೇ ಮುರಿಯಬಹುದು. ವೈದ್ಯರ ಚೀಟಿಯಿಲ್ಲದೆ ಈ ಗುಳಿಗೆಯನ್ನು ಮಾರಕೂಡದೆಂಬ ನಿಯಮವಿರುವುದು ಸುಮ್ಮನಲ್ಲ. ಮನೆಯಲ್ಲಿ ಸಾವು ಸಂಭವಿಸಿದಂತಹ ದುಃಖದಲ್ಲಿ ಕೆಲವು ದಿನಗಳ ಮಟ್ಟಿಗೆ ವೈದ್ಯರು ಇದನ್ನು ಕೊಡುವುದುಂಟು. ಅದು ಬೇರೆ ಮಾತು. ತಿಂಗಳುಗಟ್ಟಲೆ ನುಂಗಿದವರು ಇದನ್ನು ಓದಿ ಇಂದೇ ಬಿಟ್ಟುಬಿಡಬಾರದು. ಹಠಾತ್ತನೆ ನಿಲ್ಲಿಸಿದರೆ ನಿದ್ರೆ ಮತ್ತಷ್ಟು ಕೆಡುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಸಲಹೆಯಂತೆ ವಾರಗಳ ಕಾಲ ಸ್ವಲ್ಪಸ್ವಲ್ಪವಾಗಿ ತಗ್ಗಿಸಬೇಕು.

ಈ ತಾಯಿ ಮೊದಲು ಮಾಡಬೇಕಾದುದು ಎರಡು ವಾರಗಳ ದಿನಚರಿ. ಎಚ್ಚರವಾದ ಹೊತ್ತು, ಆಗ ಬೆವರಿತ್ತೇ ಇಲ್ಲವೇ ಎಂಬುದನ್ನು ಬರೆದಿಡಬೇಕು. ಬೆವರಿಲ್ಲದೆಯೇ ಎಚ್ಚರವಾಗುತ್ತಿದ್ದರೆ ಕಾರಣ ಚಿಂತೆಯೋ ಗೊರಕೆಯೋ ಇರಬಹುದು. ಬೆವರಿನೊಡನೆ ಸಂಜೆಯ ಜ್ವರ, ಕೆಮ್ಮು, ತೂಕ ಇಳಿತ ಇದ್ದರೆ ಕ್ಷಯದ ಶಂಕೆಯಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಬೆವರಿದ ಹೊತ್ತಿನಲ್ಲಿಯೇ ರಕ್ತದ ಸಕ್ಕರೆಯನ್ನು ನೋಡಿಕೊಳ್ಳಬೇಕು. 70ಕ್ಕಿಂತ ಕೆಳಗಿದ್ದರೆ ಅದು ಋತುಬಂಧದ ಬೆವರಲ್ಲ, ಸಕ್ಕರೆ ಕುಸಿದ ಸೂಚನೆ. ಥೈರಾಯ್ಡ್ ಪರೀಕ್ಷೆಯೂ ಆಗಲಿ.

ಕಾರಣ ಋತುಬಂಧವೇ ಎಂದು ತಿಳಿದ ಮೇಲೆ, ಬೆವರಿಗೆ ಅತ್ಯಂತ ಬಲವಾದ ಚಿಕಿತ್ಸೆ ಹಾರ್ಮೋನು. ಝಳದ ಸರದಿಗಳು ಸುಮಾರು ನಾಲ್ಕರಲ್ಲಿ ಮೂರು ಪಾಲು ಇಳಿಯುತ್ತವೆ. ಬೆವರು ನಿಂತರೆ ನಿದ್ರೆಯೂ ಬಹುಮಟ್ಟಿಗೆ ಮರಳುತ್ತದೆ. 60 ವರ್ಷದೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಮೀರದವರಿಗೆ ಇದರ ಲಾಭ ಅಪಾಯಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ. ಒಳಪದರದ ಕ್ಯಾನ್ಸರ್ ತಡೆಯಲು ಪ್ರೊಜೆಸ್ಟರಾನ್ ಜೊತೆಗಿರಬೇಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಆದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲದು. ಅಂಥವರಿಗೆ ರಾತ್ರಿ ವೇಳೆ ಗ್ಯಾಬಪೆಂಟಿನ್, ಇಲ್ಲವೆ ವೆನ್ಲಾಫಾಕ್ಸಿನ್‌ನಂತಹ ಔಷಧಗಳನ್ನು ವೈದ್ಯರು ಆರಿಸುತ್ತಾರೆ. ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಂತಹ ಕಡೆ ಸ್ತ್ರೀರೋಗ ತಜ್ಞರಿಗೆ ಈ ದಿನಚರಿಯನ್ನೇ ತೋರಿಸಿದರೆ ಅರ್ಧ ಮಾತು ಮುಗಿದಂತೆ.

ಬೆವರು ಇಳಿದರೂ ಕೆಲವರಿಗೆ ಹಾಸಿಗೆಯಲ್ಲಿ ಹೊರಳಾಡುವ ರೂಢಿ ಉಳಿದುಬಿಡುತ್ತದೆ. ಅದಕ್ಕೆ ಮದ್ದು ವೇಳೆಯಲ್ಲಿದೆ. ನಮ್ಮ ತಾಯಿ ಒಂಬತ್ತು ತಾಸು ಹಾಸಿಗೆಯಲ್ಲಿದ್ದು ಆರು ತಾಸಿನಷ್ಟೇ ನಿದ್ರಿಸುತ್ತಾರೆ. ಅವರು ಹನ್ನೊಂದಕ್ಕೆ ಮಲಗಿ, ರಾತ್ರಿ ಹೇಗೇ ಕಳೆದಿರಲಿ, ಐದಕ್ಕೆ ಎದ್ದು ಸ್ನಾನ, ಲಿಂಗಪೂಜೆಗೆ ತೊಡಗಲಿ. ಹಗಲು ಮಲಗುವುದು ಬೇಡ. ಸಂಜೆಯ ಚಹಾ, ರಾತ್ರಿಯೂಟದ ಅತಿ ಖಾರವೂ ಬೇಡ. ನಿದ್ರೆ ಬಾರದಿದ್ದರೆ ಎದ್ದು ಬೇರೆಡೆ ಕುಳಿತು, ಕಣ್ಣು ಎಳೆದಾಗ ಮರಳಬೇಕು. ಮೊದಲ ವಾರ ಹಗಲೆಲ್ಲ ತೂಕಡಿಕೆ ಬರುವುದು ಸಹಜ. ಹಾಸಿಗೆಯ ವೇಳೆಯ ಬಹುಪಾಲು ನಿದ್ರೆಯಲ್ಲೇ ಕಳೆಯತೊಡಗಿದ ಮೇಲೆ ಮಲಗುವ ಹೊತ್ತನ್ನು ವಾರಕ್ಕೆ ಕಾಲು ತಾಸಿನಂತೆ ಹಿಂದಕ್ಕೆ ತರಬಹುದು.