ಚಿತ್ರದ ಕೆಳಗಿನ ನಾಲ್ಕು ಸಾಲು

ಮಲೆನಾಡಿನ ಕಥಾಸಂಕಲನವೊಂದಕ್ಕೆ ನಾನು ಬರೆದ ಮುಖಪುಟದಲ್ಲಿ ಲಾಟೀನಿನ ಬೆಳಕಿದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಕೆ ಸುಲಿಯುತ್ತಿರುವ ಮುದುಕಿಯೊಬ್ಬಳಿದ್ದಾಳೆ. ಅವಳ ಹಿಂದೆ ಗೋಡೆಯ ಮೇಲೆ ಬಿದ್ದ ನೆರಳು ಅವಳಿಗಿಂತ ದೊಡ್ಡದು. ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕಿದಾಗ ಕೆಳಗೆ ಬರೆದದ್ದು ಇಷ್ಟೇ: ‘ನನ್ನ ಹೊಸ ಮುಖಪುಟ. ಚಿತ್ರ ಬೇಕಾದವರು ಸಂಪರ್ಕಿಸಿ.’ ಮೆಚ್ಚಿದವರು ಬಹಳ ಮಂದಿ, ಕೆಲಸ ಕೊಟ್ಟವರು ಯಾರೂ ಇಲ್ಲ. ವಿಚಾರಿಸಿದ ಇಬ್ಬರೂ ‘ಎಷ್ಟಾಗುತ್ತೆ?’ ಎಂದು ಕೇಳಿ, ಉತ್ತರ ನೋಡಿ ಸುಮ್ಮನಾದರು.

ಪುಸ್ತಕ ಪ್ರಕಟಿಸುವವರಿಗೆ ಚಿತ್ರ ಹಿಡಿಸಿದ ಮೇಲೆ ತಿಳಿಯಬೇಕಾದದ್ದು ಮೂರು: ಈ ಕಲಾವಿದೆ ಹೇಗೆ ಕೆಲಸ ಮಾಡುತ್ತಾಳೆ, ಎಷ್ಟು ಕೇಳುತ್ತಾಳೆ, ಯಾವಾಗ ಕೊಡುತ್ತಾಳೆ. ಹಾಗಾಗಿ ಅದೇ ಚಿತ್ರದ ಕೆಳಗಿನ ಬರಹವನ್ನು ಹೀಗೆ ಬದಲಿಸಿದೆ:

‘ಅಡಕೆ ಸುಲಿಯುವ ರಾತ್ರಿ: ಕಥಾಸಂಕಲನದ ಮುಖಪುಟ. ಹೊಸ ಮುಖಪುಟಗಳ ಕೆಲಸ ಒಪ್ಪಿಕೊಳ್ಳುತ್ತಿದ್ದೇನೆ.
ಮೊದಲು ಹಸ್ತಪ್ರತಿ ಓದುತ್ತೇನೆ, ಆಮೇಲೆ ಮೂರು ಪೆನ್ಸಿಲ್ ಕರಡು ಕಳಿಸುತ್ತೇನೆ. ನೀವು ಆರಿಸಿದ್ದನ್ನು ಎರಡು ಸಲ ತಿದ್ದಿಕೊಡುತ್ತೇನೆ. ಬಣ್ಣ ಹಚ್ಚುವುದು ಅದಾದ ಮೇಲೆ.
ಮೊದಲ ಮುದ್ರಣದ 1000 ಪ್ರತಿಗಳಿಗೆ 8,000 ರೂಪಾಯಿಯಿಂದ. ಅರ್ಧ ಮುಂಗಡ.
ಹಸ್ತಪ್ರತಿ, ಅಳತೆ, ಮುಂಗಡ ಮೂರೂ ಕೈಸೇರಿದ ಮೇಲೆ 15 ಕೆಲಸದ ದಿನ. ನೀವು ಕರಡು ನೋಡಿ ಉತ್ತರಿಸುವ ದಿನಗಳು ಇದರಲ್ಲಿ ಸೇರಿಲ್ಲ.’

ಮೊದಲ ಸಾಲಿನಲ್ಲೇ ‘ಮುಖಪುಟ’ ಮತ್ತು ‘ಒಪ್ಪಿಕೊಳ್ಳುತ್ತಿದ್ದೇನೆ’ ಬಂದಿರುವುದಕ್ಕೆ ಕಾರಣವಿದೆ. ಫೋನಿನ ಪರದೆಯಲ್ಲಿ ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ. ಉಳಿದದ್ದನ್ನು ಬೆರಳಿಟ್ಟು ತೆರೆಯಬೇಕು.

‘ಬಣ್ಣ ಹಚ್ಚುವುದು ಅದಾದ ಮೇಲೆ’ ಎಂಬ ಮಾತು ನನ್ನ ದುಡಿಮೆಯನ್ನು ಕಾಯುತ್ತದೆ. ಪೆನ್ಸಿಲಿನಲ್ಲಿ ಮುದುಕಿಯನ್ನು ಎಡದಿಂದ ಬಲಕ್ಕೆ ಕೂರಿಸಲು ಅರ್ಧ ಗಂಟೆ ಸಾಕು. ಜಲವರ್ಣ ಒಣಗಿದ ಮೇಲೆ ಅದೇ ಬದಲಾವಣೆ ಕೇಳಿದರೆ ಹೊಸ ಹಾಳೆ ತೆಗೆದುಕೊಂಡು ಲಾಟೀನಿನ ಹಳದಿಯಿಂದಲೇ ಮತ್ತೆ ಶುರು ಮಾಡಬೇಕು.

ಬೆಲೆಯನ್ನು ನಾನು ಗಂಟೆಯ ಲೆಕ್ಕದಲ್ಲಿ ಹೇಳುವುದಿಲ್ಲ. ಕೈ ಪಳಗಿದಂತೆಲ್ಲ ಗಂಟೆ ಕಡಿಮೆಯಾಗುತ್ತದೆ, ಆಗ ಚೆನ್ನಾಗಿ ಕಲಿತದ್ದಕ್ಕೇ ಸಂಭಾವನೆ ಇಳಿಯುತ್ತದೆ. ಚಿತ್ರ ಎಲ್ಲಿ, ಎಷ್ಟು ಬಳಕೆಯಾಗುತ್ತದೆ ಎಂಬುದರ ಮೇಲೆ ದರ ನಿಲ್ಲಬೇಕು. ನನ್ನ ಲೆಕ್ಕದಲ್ಲಿ ಎರಡನೆಯ ಮುದ್ರಣಕ್ಕೆ ಮೊದಲಿನದರ ಕಾಲುಭಾಗ, ಅಂದರೆ 2,000 ರೂಪಾಯಿ. ಚಿತ್ರವನ್ನು ಕ್ಯಾಲೆಂಡರಿಗೆ ಹಾಕುವುದಾದರೆ ಬೇರೆ ಮಾತುಕತೆ. ‘ಯಿಂದ’ ಎಂದದ್ದು ಏಕೆಂದರೆ ಒಬ್ಬ ಮುದುಕಿಯನ್ನು ಬರೆಯುವುದೂ ಜಾತ್ರೆಯನ್ನು ಬರೆಯುವುದೂ ಒಂದೇ ಅಲ್ಲ.

ಇಲ್ಲಿ ಒಂದು ಎಚ್ಚರ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. ಇನ್‌ಸ್ಟಾಗ್ರಾಮಿನಲ್ಲಿ ದರ ಹಾಕಿದ ಮಾತ್ರಕ್ಕೆ ಅದು ಒಪ್ಪಂದವಾಗುವುದಿಲ್ಲ. ಆದ್ದರಿಂದ ಮುಂಗಡಕ್ಕೆ ಮೊದಲೇ ಒಂದು ಹಾಳೆಯ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕುತ್ತೇವೆ: ಹಕ್ಕು ಕಲಾವಿದೆಯಲ್ಲೇ ಉಳಿಯುತ್ತದೆ, ಪ್ರಕಾಶಕರಿಗೆ ಇಷ್ಟು ಪ್ರತಿಗಳಿಗೆ ಬಳಸುವ ಅನುಮತಿ.

ಸಮಯದ ಸಾಲನ್ನು ಕಲಿತದ್ದು ಪೆಟ್ಟು ತಿಂದು. ಹಿಂದೊಮ್ಮೆ ‘ಹತ್ತು ದಿನದಲ್ಲಿ ಕೊಡುತ್ತೇನೆ’ ಎಂದಷ್ಟೇ ಹೇಳಿದ್ದೆ. ಕರಡು ಕಳಿಸಿದ ಮೇಲೆ ಪ್ರಕಾಶಕರೊಬ್ಬರು ಉತ್ತರಿಸಲು ಎಂಟು ದಿನ ತೆಗೆದುಕೊಂಡರು. ಆಮೇಲೆ ಫೋನಿನಲ್ಲಿ ‘ಬಿಡುಗಡೆಯ ಆಮಂತ್ರಣ ಅಚ್ಚಾಗಿದೆಯಮ್ಮ, ನೀವೇ ತಡ ಮಾಡಿಬಿಟ್ಟಿರಿ’ ಎಂದರು. ಎರಡು ರಾತ್ರಿ ಕೂತು ಮುಗಿಸಿದೆ. ಅಷ್ಟರಲ್ಲಿ 160 ಪುಟ ಎಂದಿದ್ದ ಪುಸ್ತಕ 200 ಪುಟವಾಗಿತ್ತು. ಹಾಳೆಯೊಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪ ಎಂದುಕೊಂಡರೆ ಪುಸ್ತಕದ ಬೆನ್ನು 8ರಿಂದ 10 ಮಿಲಿಮೀಟರಿಗೆ ಹಿಗ್ಗಿತು. ಮುಂದಿನಿಂದ ಹಿಂದಿನವರೆಗೆ ಹಬ್ಬಿದ್ದ ಚಿತ್ರದಲ್ಲಿ ಬೆನ್ನಿನ ಅಂಚಿಗೇ ಇದ್ದ ಹುಡುಗನ ಮೊಣಕೈ ಮಡಿಕೆಯೊಳಗೆ ಸೇರಿಹೋಯಿತು. ಈಗಲೂ ಆ ಪುಸ್ತಕ ಕೈಗೆ ಬಂದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಆ 15 ದಿನ ಅಂದಾಜಿಗೆ ಬರೆದ ಸಂಖ್ಯೆಯಲ್ಲ. ಓದಲು 3, ಕರಡಿಗೆ 4, ಬಣ್ಣಕ್ಕೆ 6, ಸ್ಕ್ಯಾನ್ ಮಾಡಿ ಮುದ್ರಣದ ಫೈಲ್ ಸಿದ್ಧಪಡಿಸಲು 2. ಪುಟಸಂಖ್ಯೆ ಖಚಿತವಾಗದೆ ಕೊನೆಯ ಎರಡು ದಿನದ ಕೆಲಸ ಶುರುವಾಗುವುದೇ ಇಲ್ಲ.

ಹೊಸ ಬರಹದ ಮೇಲೆ ವಿಚಾರಿಸುವವರ ಸಂಖ್ಯೆ ಹೆಚ್ಚಲಿಲ್ಲ. ಆದರೆ ಮೊನ್ನೆ ಬಂದ ಸಂದೇಶ ಹೀಗಿತ್ತು: ‘ಮೇಡಂ, ಡೆಮಿ 1/8, 176 ಪುಟ, ಪ್ರೂಫ್ ಮುಗಿದಿದೆ. ಕರಡು ಬಂದರೆ ಎರಡೇ ದಿನದಲ್ಲಿ ಹೇಳುತ್ತೇವೆ. ಮುಂಗಡ ಎಲ್ಲಿಗೆ ಹಾಕಲಿ?’