ಸ್ವೆಟರ್ ಜೇಬಿನಲ್ಲಿಡುವ ಪತ್ರ

ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಟಿಕೆಟ್ ಇಲ್ಲದವರು ಟರ್ಮಿನಲ್ ಒಳಗೆ ಹೋಗುವಂತಿಲ್ಲವಾದ್ದರಿಂದ ಬೀಳ್ಕೊಡುಗೆಯೆಲ್ಲ ಬಾಗಿಲ ಹೊರಗೇ ಮುಗಿಯಬೇಕು. ಆ ಹತ್ತು ನಿಮಿಷದಲ್ಲಿ ತಾಯಿ ಪಾಸ್‌ಪೋರ್ಟ್ ಇದೆಯಾ ಎಂದು ಮತ್ತೊಮ್ಮೆ ಕೇಳುತ್ತಾರೆ. ಬ್ಯಾಗಿನ ತೂಕ ಹೆಚ್ಚಾದರೆ ಏನು ತೆಗೆಯುವುದೆಂಬ ಚರ್ಚೆ ನಡೆದಿರುತ್ತದೆ. ಅಷ್ಟರಲ್ಲಿ ಚಿಕ್ಕಪ್ಪ ಗುಂಪಿನ ಫೋಟೋ ತೆಗೆಯಲು ಎಲ್ಲರನ್ನೂ ಕರೆಯುತ್ತಾರೆ. ಪ್ರಾಣಸ್ನೇಹಿತೆಗೆ ಸಿಗುವುದು ಒಂದು ಅಪ್ಪುಗೆ, ಅಷ್ಟೇ. ಹೇಳಬೇಕೆಂದುಕೊಂಡದ್ದನ್ನು ವಾಪಸು ಬರುವಾಗ ಕಾರಿನಲ್ಲಿ ಕೂತು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ಅದು ಇಪ್ಪತ್ತು ಮೂವತ್ತು ಶುಭಾಶಯಗಳ ನಡುವೆ ಸೇರಿ ಮೇಲಕ್ಕೆ ಸರಿದುಹೋಗುತ್ತದೆ.

ಬೀಳ್ಕೊಡುಗೆಯ ಮಾತನ್ನು ಹೊರಡುವ ಹೊತ್ತಿಗಾಗಿ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಹೋದವರಿಗೆ ಅದು ಬೇಕಾಗುವ ಹೊತ್ತು ಬೇರೆಯೇ ಇದೆ.

ಎಂ.ಎಸ್. ಓದಲು ಜರ್ಮನಿಗೆ ಹೊರಟ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರುವಾಗುವುದರಿಂದ ಅನೇಕರು ಸೆಪ್ಟೆಂಬರ್‌ನಲ್ಲೇ ಹೊರಡುತ್ತಾರೆ. ಮೊದಲ ವಾರಗಳಲ್ಲಿ ಅವಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮನೆ ಸಿಕ್ಕ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಬ್ಯಾಂಕ್ ಖಾತೆ ತೆರೆಯಬೇಕು, ವಿಶ್ವವಿದ್ಯಾಲಯದಲ್ಲಿ ಹೆಸರು ದಾಖಲಿಸಬೇಕು. ಈ ಓಡಾಟದಲ್ಲಿ ಊರಿನ ನೆನಪು ಅಷ್ಟಾಗಿ ಕಾಡುವುದಿಲ್ಲ. ಓಡಾಟ ನಿಂತ ಮೇಲೆ ಕಾಡುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಇಲ್ಲಿ ದೀಪಾವಳಿ ಮುಗಿದು ಎಲ್ಲರೂ ಅವರವರ ಕೆಲಸದಲ್ಲಿ ಮುಳುಗಿರುತ್ತಾರೆ, ಫೋನುಗಳೂ ಕಡಿಮೆಯಾಗಿರುತ್ತವೆ. ಪತ್ರ ಓದಬೇಕಾದ ದಿನ ಅದು.

ಹಾಗಾಗಿ ಕಾಗದದ ಮೇಲೆ ಕೈಯಲ್ಲೇ ಬರೆಯಿರಿ, ಒಂದು ಹಾಳೆ ಸಾಕು. ಪಾಸ್‌ಪೋರ್ಟ್ ಇರುವ ಫೈಲಿನಲ್ಲಿ ಇಟ್ಟರೆ ವಿಮಾನ ನಿಲ್ದಾಣದಲ್ಲೇ ಕೈಗೆ ಸಿಗುತ್ತದೆ. ಕುಕ್ಕರಿನೊಳಗೆ ಇಟ್ಟರೆ ಮೊದಲ ದಿನ ಅನ್ನ ಮಾಡುವಾಗ ಸಿಗುತ್ತದೆ. ಬ್ಯಾಗಿನ ತಳದಲ್ಲಿ ಮಡಚಿಟ್ಟ ದಪ್ಪ ಸ್ವೆಟರಿನ ಜೇಬು ಒಳ್ಳೆಯ ಜಾಗ, ಏಕೆಂದರೆ ಚಳಿ ಬಲಿಯುವವರೆಗೆ ಅದನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಬ್ಯಾಗು ತುಂಬಲು ಸಹಾಯಕ್ಕೆ ಹೋದ ಗೆಳತಿಗೆ ಇದು ಸುಲಭದ ಕೆಲಸ.

ಇನ್ನು ಏನು ಬರೆಯುವುದು? ನಮ್ಮಲ್ಲಿ ಹೆಚ್ಚಿನವರ ಕೈ ಉಪದೇಶದ ಕಡೆಗೆ ಹೋಗುತ್ತದೆ. ಚೆನ್ನಾಗಿ ಓದು, ಊಟ ಬಿಡಬೇಡ, ನಮ್ಮನ್ನು ಮರೆಯಬೇಡ, ದೊಡ್ಡ ಹೆಸರು ಮಾಡಿ ಬಾ, ಅಪ್ಪ ಅಮ್ಮನ ಕಷ್ಟ ನೆನಪಿಟ್ಟುಕೋ. ಇವೆಲ್ಲವನ್ನೂ ಅವಳು ಮನೆಯ ಹಿರಿಯರಿಂದ ಕೇಳಿಯಾಗಿರುತ್ತದೆ. ಅಪ್ಪ ಅಮ್ಮನ ಕಷ್ಟವಂತೂ ಅವಳಿಗೆ ಅಂಕಿಗಳಲ್ಲೇ ಗೊತ್ತು. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮೊದಲೇ ವಿಶೇಷ ಖಾತೆಯಲ್ಲಿ ಇಟ್ಟು ತೋರಿಸುವುದು ವಾಡಿಕೆ. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋ ಆಗಿತ್ತು, ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತಿತ್ತು. ಅದನ್ನು ಹೊಂದಿಸಲು ಮನೆಯವರು ಎಲ್ಲೆಲ್ಲಿ ಸಾಲ ಮಾಡಿದರು ಎಂಬುದನ್ನು ಕಣ್ಣಾರೆ ಕಂಡವಳಿಗೆ ಗೆಳತಿಯೂ ಅದನ್ನೇ ನೆನಪಿಸಬೇಕಾಗಿಲ್ಲ. ‘ಮರೆಯಬೇಡ’ ಎಂಬ ಮಾತಿನಲ್ಲಂತೂ, ನೀನು ಮರೆತೇ ಮರೆಯುತ್ತೀಯ ಎಂಬ ಅನುಮಾನ ಅಡಗಿರುತ್ತದೆ.

ಬರೆದ ಪ್ರತಿ ಸಾಲನ್ನೂ ಒಮ್ಮೆ ಹೀಗೆ ಪರೀಕ್ಷಿಸಿ: ಇದನ್ನು ಬೇರೊಬ್ಬ ಸ್ನೇಹಿತರಿಗೂ ಕಳಿಸಬಹುದೇ? ಕಳಿಸಬಹುದಾದರೆ ಅದನ್ನು ಹೊಡೆದುಹಾಕಿ. ಉಳಿದದ್ದೇ ಪತ್ರ. ದಾವಣಗೆರೆಯ ಇಬ್ಬರು ಗೆಳತಿಯರ ನಡುವೆ ಅದು ಹೀಗಿರಬಹುದು:

ದಾವಣಗೆರೆ
ಸೆಪ್ಟೆಂಬರ್ 14

ಪುಟ್ಟಿ,

ನೀನು ಇದನ್ನ ಓದೋ ಹೊತ್ತಿಗೆ ಅಲ್ಲಿ ಚಳಿ ಶುರುವಾಗಿರುತ್ತೆ. ಮೂರನೇ ಸೆಮಿಸ್ಟರಲ್ಲಿ ನಾನು ಗಣಿತದಲ್ಲಿ ಫೇಲಾದಾಗ ನೀನು ಸಮಾಧಾನದ ಒಂದು ಮಾತೂ ಆಡಲಿಲ್ಲ. ಮಾರನೇ ದಿನದಿಂದ ಬೆಳಿಗ್ಗೆ ಆರಕ್ಕೇ ಮನೆಗೆ ಬಂದು, ಅಮ್ಮನ ಹತ್ತಿರ ಕಾಫಿ ಇಸ್ಕೊಂಡು, ಎದುರಿಗೆ ಕೂತು ಲೆಕ್ಕ ಮಾಡಿಸಿದೆ. ನಾನು ಇವತ್ತು ಕೆಲಸದಲ್ಲಿರೋದು ಅದರಿಂದ. ಇದನ್ನ ನಿನಗೆ ಯಾವತ್ತೂ ಹೇಳಿರಲಿಲ್ಲ.

ಅಲ್ಲಿ ಯಾವುದಾದರೂ ಪರೀಕ್ಷೆ ಕೈಕೊಟ್ಟರೆ ಮೊದಲು ನನಗೆ ಹೇಳು. ಮನೇಲಿ ಹೇಗೆ ಹೇಳೋದು ಅಂತ ಆಮೇಲೆ ಇಬ್ಬರೂ ಯೋಚಿಸೋಣ.

ನವೆಂಬರಲ್ಲಿ ನಿಮ್ಮಪ್ಪನ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡಬೇಕಲ್ಲ, ನಾನೇ ಬ್ಯಾಂಕಿಗೆ ಕರ್ಕೊಂಡು ಹೋಗ್ತೀನಿ. ಅಂಕಲ್ ಹತ್ತಿರ ಮಾತಾಡಿದೀನಿ. ಭಾನುವಾರ ನಮ್ಮ ಟೈಮು ರಾತ್ರಿ ಎಂಟೂವರೆಗೆ ಫೋನ್ ಮಾಡ್ತೀನಿ. ಎತ್ತೋಕಾಗದಿದ್ದರೆ ಬಿಡು, ಮುಂದಿನ ವಾರ ಮತ್ತೆ ಮಾಡ್ತೀನಿ.

ನೀನಿಲ್ಲದೆ ಶನಿವಾರ ದೋಸೆ ತಿನ್ನೋಕೆ ಒಬ್ಬಳೇ ಹೋಗೋದು ಬೇಜಾರು ಕಣೇ. ಆದರೂ ನೀನು ಹೋಗಿದ್ದು ಸರಿ.

ಪತ್ರ ಇಷ್ಟೇ. ಇದರಲ್ಲಿ ಶುಭವಾಗಲಿ ಎಂಬ ಮಾತೂ ಇಲ್ಲ, ಅದು ಬೇಕೆಂದು ನನಗೆ ಅನ್ನಿಸುವುದೂ ಇಲ್ಲ. ಮೊದಲ ಭಾಗದಲ್ಲಿ ಒಂದೇ ಒಂದು ನೆನಪಿದೆ, ಅದೂ ಹೋದವಳು ಮಾಡಿದ ಉಪಕಾರದ್ದು. ಅವಳಿಗೆ ಅದು ನೆನಪಿರಲಿಕ್ಕಿಲ್ಲ. ಹೊಸ ಊರಿನ ತರಗತಿಯಲ್ಲಿ ತಾನು ಯಾವುದಕ್ಕೂ ಸಾಲದವಳೆಂದು ಅನ್ನಿಸಿದ ದಿನ, ತನ್ನಿಂದ ಒಬ್ಬಳ ಬದುಕು ನೆಟ್ಟಗಾಗಿದೆ ಎಂದು ಓದುವುದು ಹೊಗಳಿಕೆಗಿಂತ ದೊಡ್ಡದು.

ಪರೀಕ್ಷೆಯ ಸಾಲಿಗೂ ಕಾರಣವಿದೆ. ಜರ್ಮನಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯದ ಪರೀಕ್ಷೆಗೆ ಕೂರಲು ಇಷ್ಟೇ ಬಾರಿ ಎಂಬ ಮಿತಿಯಿದೆ, ಅದು ಮುಗಿದರೆ ಆ ಕೋರ್ಸನ್ನೇ ಬಿಡಬೇಕಾಗಬಹುದು. ಸಾಲದ ಭಾರವಿರುವ ಮಕ್ಕಳು ಮೊದಲ ಸಲ ಫೇಲಾದಾಗ ಮನೆಯವರಿಂದ ಮುಚ್ಚಿಡುತ್ತಾರೆ, ಮುಚ್ಚಿಟ್ಟ ಮೇಲೆ ಸ್ನೇಹಿತರ ಫೋನನ್ನೂ ಎತ್ತದಾಗುತ್ತಾರೆ. ಸೋಲನ್ನು ಮೊದಲು ನನ್ನಲ್ಲಿ ಹೇಳು ಎಂದು ಬರೆದುಕೊಟ್ಟರೆ ಒಂದು ಬಾಗಿಲಾದರೂ ತೆರೆದಿರುತ್ತದೆ.

ಮಾತು ಕೊಡುವುದರಲ್ಲಿ ಬಹಳ ಜನ ಎಡವುತ್ತಾರೆ. ‘ಯಾವಾಗ ಬೇಕಾದರೂ ಫೋನ್ ಮಾಡು’ ಎಂದರೆ ಯಾರೂ ಮಾಡುವುದಿಲ್ಲ. ದಿನ, ಗಂಟೆ ಗೊತ್ತುಮಾಡಬೇಕು, ಫೋನ್ ಮಾಡುವ ಹೊಣೆಯನ್ನು ಇಲ್ಲಿರುವವರೇ ಹೊರಬೇಕು. ಬೇಸಿಗೆಯ ಲೆಕ್ಕದಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ನಮ್ಮ ರಾತ್ರಿ ಎಂಟೂವರೆ ಅವರಿಗೆ ಸಂಜೆ ಐದು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಅಂತರ ನಾಲ್ಕೂವರೆ ಗಂಟೆಯಾಗಿ, ಅದೇ ಎಂಟೂವರೆ ಅವಳಿಗೆ ನಾಲ್ಕು. ಇದು ತಿಳಿಯದೆ ತಪ್ಪಿಹೋದ ಕರೆಗಳು ಮುನಿಸಿಗೆ ತಿರುಗುವುದುಂಟು. ಪತ್ರದಲ್ಲಿ ‘ನಮ್ಮ ಟೈಮು’ ಎಂದು ಬರೆದಿರುವುದು ಅದಕ್ಕೇ. ಅಪ್ಪನ ಕೆಲಸಕ್ಕೂ ಅಷ್ಟೇ, ‘ಮನೆಯವರನ್ನು ನೋಡಿಕೊಳ್ಳುತ್ತೇನೆ’ ಎಂಬುದಕ್ಕಿಂತ ತಿಂಗಳು, ಕೆಲಸ ಎರಡನ್ನೂ ಹೇಳಿದ ಮಾತು ಹೆಚ್ಚು ನಿಲ್ಲುತ್ತದೆ. ಬೀಳ್ಕೊಡುಗೆಯ ಪತ್ರದ ಯೋಗ್ಯತೆ ಗೊತ್ತಾಗುವುದು ಈ ಮಾತುಗಳು ನಡೆದವೇ ಇಲ್ಲವೇ ಎಂಬುದರಲ್ಲಿ. ಆಗದ್ದನ್ನು ಬರೆಯಲೇಬೇಡಿ.

ಬೇಜಾರನ್ನು ಮುಚ್ಚಿಡಬೇಕಿಲ್ಲ, ಆದರೆ ಅದಕ್ಕೆ ಒಂದೇ ಸಾಲು ಸಾಕು. ಪುಟಗಟ್ಟಲೆ ಅತ್ತರೆ, ಓದಿದವಳು ಅಲ್ಲಿಂದ ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ಕೊನೆಗೆ ‘ನೀನು ಹೋಗಿದ್ದು ಸರಿ’ ಎಂಬ ಮಾತು ಇರಲಿ. ಕತ್ತಲ ಸಂಜೆಗಳಲ್ಲಿ ಅವಳಿಗೆ ಹೆಚ್ಚು ಅನುಮಾನ ಬರುವುದು ಅದರ ಮೇಲೆಯೇ.

ಹೊರಡುವ ವಾರ ಅಂಗಡಿ, ಬ್ಯಾಂಕು, ನೆಂಟರ ಮನೆಗಳ ಓಡಾಟದಲ್ಲೇ ಕಳೆದುಹೋಗುತ್ತದೆ. ನಿಮ್ಮ ಗೆಳೆಯನೋ ಗೆಳತಿಯೋ ಈ ವರ್ಷ ಹೊರಟಿದ್ದರೆ ಟಿಕೆಟ್ ಬುಕ್ ಆದ ವಾರವೇ ಕೂತು ಬರೆದುಬಿಡಿ.